ಪರ್ಷಿಯನ್ ಚರಿತ್ರೆಗದ್ಯದ ದೀರ್ಘವಾಕ್ಯ ಮತ್ತು ಇಂಗ್ಲಿಷ್ ಅನುವಾದ: ಹಸನ್ ಗಂಗುವಿನ ಕಥೆಯ ಹಿನ್ನೆಲೆಯಲ್ಲಿ

ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580-1627) ಆಶ್ರಯದಲ್ಲಿದ್ದ ಮುಹಮ್ಮದ್ ಕಾಸಿಂ ಫಿರಿಶ್ತಾ ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ರಚಿಸಿದ ‘ಗುಲ್‌ಶನ್-ಎ-ಇಬ್ರಾಹಿಮಿ’ ದಖ್ಖನಿನ ಇತಿಹಾಸ ರಚನೆಗೆ ಬಹುಕಾಲ ಆಧಾರವಾಗಿ ನಿಂತ ಗ್ರಂಥ. ಇದನ್ನು ಮೂಲ ಪರ್ಷಿಯನ್ ಭಾಷೆಯಲ್ಲಿ ಓದಿದವರಿಗಿಂತ ಇಂಗ್ಲಿಷಿನಲ್ಲಿ ಓದಿದವರೇ ಹೆಚ್ಚು. 1768ರಲ್ಲಿ ಅಲೆಕ್ಸಾಂಡರ್ ಡೋ ಇದರ ಆಧಾರದ ಮೇಲೆ ಹಿಂದೂಸ್ಥಾನದ ಚರಿತ್ರೆಯನ್ನು ಸ್ವತಂತ್ರ ರೀತಿಯಲ್ಲಿ ಹೊರತಂದನು. 1794ರಲ್ಲಿ ಜೊನಾಥನ್ ಸ್ಕಾಟ್ ದಖ್ಖನಿಗೆ ಸಂಬಂಧಿಸಿದ ಭಾಗವನ್ನು ಅನುವಾದಿಸಿದನು. 1829ರಲ್ಲಿ ಮದ್ರಾಸು ಸೈನ್ಯದ ಅಧಿಕಾರಿ ಜಾನ್ ಬ್ರಿಗ್ಸ್ ನಾಲ್ಕು ಸಂಪುಟಗಳ ಅನುವಾದವನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಕರ್ನಾಟಕದ ಬಹಮನಿ ಮತ್ತು ಆದಿಲ್‌ಶಾಹಿ ಅರಸರ ಕುರಿತು ಮುಂದೆ ಬಂದ ಅನೇಕ ಬರಹಗಳು ಈ ಇಂಗ್ಲಿಷ್ ವಾಕ್ಯಗಳನ್ನೇ ಆಕರವಾಗಿ ಇಟ್ಟುಕೊಂಡವು.

ಈ ಸಂದರ್ಭದಲ್ಲಿ ಒಂದು ಸಣ್ಣ ಸಂಗತಿಗೆ ದೊಡ್ಡ ಮಹತ್ವವಿದೆ. ಪರ್ಷಿಯನ್ನಿನ ಒಂದು ವಾಕ್ಯ ಅರ್ಧ ಪುಟ, ಕೆಲವೊಮ್ಮೆ ಅದಕ್ಕೂ ಹೆಚ್ಚು ಉದ್ದವಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಹಾಗೆಯೇ ಇಡಲು ಬರುವುದಿಲ್ಲ, ನಾಲ್ಕೈದು ವಾಕ್ಯಗಳಾಗಿ ಬಿಡಿಸಲೇಬೇಕು. ಎಲ್ಲಿ ಬಿಡಿಸಿದರೆ ಅರ್ಥ ಉಳಿಯುತ್ತದೆ, ಎಲ್ಲಿ ಬಿಡಿಸಿದರೆ ‘ಹೀಗೆ ಹೇಳುತ್ತಾರೆ’ ಎಂಬ ಮಾತು ‘ಹೀಗೆ ನಡೆಯಿತು’ ಎಂಬ ಮಾತಾಗಿ ಬದಲಾಗುತ್ತದೆ ಎಂಬುದನ್ನು, ಬಹಮನಿ ರಾಜ್ಯದ ಸ್ಥಾಪಕ ಹಸನನ ಕುರಿತ ಕಥೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೀರ್ಘವಾಕ್ಯದ ಸ್ವರೂಪ

ಪರ್ಷಿಯನ್ ಗದ್ಯದ ದೀರ್ಘವಾಕ್ಯವು ಬರಹಗಾರರ ಅಲಕ್ಷ್ಯದಿಂದ ಹುಟ್ಟಿದುದಲ್ಲ. ಅದು ಕಲಿತು ಸಾಧಿಸುವ ವಿದ್ಯೆಯಾಗಿತ್ತು. ಬೀದರಿನಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನನು (ಮರಣ 1481) ಪತ್ರರಚನೆ ಮತ್ತು ಅಲಂಕೃತ ಗದ್ಯದ ಬಗ್ಗೆ ‘ಮನಾಜಿರ್-ಉಲ್-ಇನ್ಶಾ’ ಎಂಬ ಲಕ್ಷಣಗ್ರಂಥವನ್ನೇ ಬರೆದಿದ್ದಾನೆ. ಆ ಪರಂಪರೆಯ ಜೊತೆಗಿಟ್ಟು ನೋಡಿದರೆ ಫಿರಿಶ್ತಾನ ಶೈಲಿ ಸರಳವೆಂದೇ ಹೇಳಬೇಕು. ಆದರೂ ಅವನ ವಾಕ್ಯಗಳು ಇಂಗ್ಲಿಷ್ ಓದುಗನ ಉಸಿರಿಗೆ ನಿಲುಕುವಂಥವಲ್ಲ.

ಈ ಉದ್ದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ‘ಕಿ’ ಎಂಬ ಅವ್ಯಯ. ಕನ್ನಡದಲ್ಲಿ ‘ದಿಲ್ಲಿಯಿಂದ ಬಂದ ಮನುಷ್ಯ’ ಎಂದು ವಿಶೇಷಣ ವಾಕ್ಯವನ್ನು ನಾಮಪದದ ಹಿಂದೆ ಇಡುತ್ತೇವೆ. ಪರ್ಷಿಯನ್ನಿನಲ್ಲಿ ನಾಮಪದವನ್ನು ಮೊದಲು ಹೇಳಿ, ‘ಕಿ’ ಎಂದು ಸೇರಿಸಿ, ಅನಂತರ ವಿವರವನ್ನು ಹೇಳುತ್ತಾರೆ. ಆ ವಿವರದೊಳಗೆ ಇನ್ನೊಂದು ಹೆಸರು ಬಂದರೆ ಅದಕ್ಕೂ ಒಂದು ‘ಕಿ’ ಹತ್ತಿಕೊಳ್ಳುತ್ತದೆ. ಇದಲ್ಲದೆ ನಮ್ಮ ‘ಎಂದು’, ‘ಏಕೆಂದರೆ’, ‘ಆಗ’ ಎಂಬ ಅರ್ಥಗಳಲ್ಲಿಯೂ ಅದೇ ‘ಕಿ’ ಬಳಕೆಯಾಗುತ್ತದೆ. ಕ್ರಿಯಾಪದವು ಸಾಮಾನ್ಯವಾಗಿ ಕೊನೆಯಲ್ಲಿ ಬರುವುದರಿಂದ, ಒಂದರೊಳಗೊಂದು ಹೊಕ್ಕ ಉಪವಾಕ್ಯಗಳ ಕ್ರಿಯಾಪದಗಳು ಕೊನೆಗೆ ಒಟ್ಟೊಟ್ಟಿಗೆ ಬಂದು ನಿಲ್ಲುತ್ತವೆ. ಯಾವ ಕ್ರಿಯೆ ಯಾರದು ಎಂಬುದನ್ನು ಓದುಗನೇ ಹಿಂದಕ್ಕೆ ಹೋಗಿ ಹೊಂದಿಸಿಕೊಳ್ಳಬೇಕು.

ಎರಡನೆಯದು ಕನ್ನಡಿಗರಿಗೆ ಪರಿಚಿತವಾದ ಗುಣ. ‘ಬಂದು, ನೋಡಿ, ತೆಗೆದುಕೊಂಡು ಹೋದನು’ ಎಂದು ನಾವು ಭೂತನ್ಯೂನಗಳನ್ನು ಪೋಣಿಸುವಂತೆ, ಪರ್ಷಿಯನ್ ಬರಹಗಾರರು ‘ಆಮದಾ’, ‘ದೀದಾ’, ‘ಗಿರಿಫ್ತಾ’ ಮುಂತಾದ ಕೃದಂತಗಳನ್ನು ಪೋಣಿಸಿ ಕೊನೆಗೊಂದು ಪೂರ್ಣಕ್ರಿಯೆಯನ್ನು ಇಡುತ್ತಾರೆ. ಇಂಗ್ಲಿಷಿನಲ್ಲಿ ‘ಹ್ಯಾವಿಂಗ್’ ಎಂದು ತೊಡಗುವ ರೂಪ ಇದಕ್ಕೆ ಸಮೀಪವಾದದ್ದು. ಆದರೆ ಒಂದು ವಾಕ್ಯದಲ್ಲಿ ಅದು ಒಂದು ಸಲ ಬಂದರೆ ಸಹ್ಯ, ನಾಲ್ಕು ಸಲ ಬಂದರೆ ಓದು ಕುಂಟುತ್ತದೆ.

ಮೂರನೆಯದು ಸರ್ವನಾಮದ ಸಮಸ್ಯೆ. ಪರ್ಷಿಯನ್ನಿನಲ್ಲಿ ಲಿಂಗಭೇದವಿಲ್ಲ. ‘ಊ’ ಎಂದರೆ ಅವನೂ ಆಗಬಹುದು, ಅವಳೂ ಆಗಬಹುದು. ಎಷ್ಟೋ ಕಡೆ ಕರ್ತೃಪದವೇ ಇರುವುದಿಲ್ಲ, ಕ್ರಿಯಾಪದದ ಪ್ರತ್ಯಯವೇ ಆ ಕೆಲಸವನ್ನು ಮಾಡುತ್ತದೆ. ಇವೆಲ್ಲಕ್ಕೂ ಮೇಲಾಗಿ ಹಸ್ತಪ್ರತಿಗಳಲ್ಲಿ ಇಂದಿನ ರೀತಿಯ ವಿರಾಮಚಿಹ್ನೆಗಳಿಲ್ಲ. ಹೆಸರನ್ನು ಬೇರ್ಪಡಿಸಿ ತೋರಿಸುವ ದೊಡ್ಡಕ್ಷರ ಆ ಲಿಪಿಯಲ್ಲಿಯೇ ಇಲ್ಲ. ವಾಕ್ಯ ಎಲ್ಲಿ ಮುಗಿಯಿತೆಂಬುದೂ ಅನುವಾದಕನ ತೀರ್ಮಾನವೇ.

ಒಂದು ವಾಕ್ಯದ ವಿಶ್ಲೇಷಣೆ

ಹಸನನ ಕಥೆಯ ಸಾರ ಇತಿಹಾಸಾಸಕ್ತರಿಗೆ ತಿಳಿದದ್ದೇ. ದಿಲ್ಲಿಯ ಗಂಗು ಎಂಬ ಜ್ಯೋತಿಷಿ ಬ್ರಾಹ್ಮಣನ ಬಳಿ ಹಸನನು ಸೇವಕನಾಗಿದ್ದನೆಂದೂ, ಹೊಲ ಉಳುವಾಗ ನಿಧಿ ಸಿಕ್ಕಿತೆಂದೂ, ಅದನ್ನು ಪ್ರಾಮಾಣಿಕವಾಗಿ ಒಡೆಯನಿಗೆ ಒಪ್ಪಿಸಿದನೆಂದೂ, ಅದರಿಂದ ಅರಮನೆಯ ಗಮನಕ್ಕೆ ಬಂದು ಮೇಲೇರಿದನೆಂದೂ ಈ ಕಥೆ ಹೇಳುತ್ತದೆ. ಇದನ್ನು ಪರ್ಷಿಯನ್ ಚರಿತ್ರೆಕಾರರ ವಾಕ್ಯರಚನೆಯ ಮಾದರಿಯಲ್ಲಿ ಒಂದೇ ವಾಕ್ಯವಾಗಿ ಕಟ್ಟಿದರೆ ಅದರ ನಡೆ ಕನ್ನಡದಲ್ಲಿ ಸುಮಾರಾಗಿ ಹೀಗಿರುತ್ತದೆ. ಇದು ಫಿರಿಶ್ತಾನ ಉದ್ಧರಣೆಯಲ್ಲ, ರಚನೆಯನ್ನು ತೋರಿಸಲು ಸಿದ್ಧಪಡಿಸಿದ ಮಾದರಿ ಮಾತ್ರ:

ಹೇಳುತ್ತಾರೆ ಏನೆಂದರೆ, ಹಸನ್ ಎಂಬುವನು, ಯಾವನು ದಿಲ್ಲಿಯಲ್ಲಿ ಗಂಗು ಎಂಬ ಜ್ಯೋತಿಷಿ ಬ್ರಾಹ್ಮಣನ, ಯಾವನು ರಾಜಕುಮಾರ ಮುಹಮ್ಮದನಿಗೆ ಆಪ್ತನಾಗಿದ್ದನೋ ಆತನ, ಸೇವೆಯಲ್ಲಿದ್ದನೋ ಆತನು, ಒಂದು ದಿನ, ಯಾವಾಗ ಅವನ ಹೊಲವನ್ನು, ಯಾವುದು ನಗರದ ಸಮೀಪದಲ್ಲಿತ್ತೋ ಅದನ್ನು, ಉಳುತ್ತಿದ್ದನೋ ಆಗ, ನೇಗಿಲು ಒಂದು ಸರಪಳಿಗೆ ಸಿಕ್ಕಿಕೊಂಡು, ನೆಲವನ್ನು ಅಗೆದು, ಚಿನ್ನ ತುಂಬಿದ ಪಾತ್ರೆಯನ್ನು ಕಂಡು, ಅದರಲ್ಲಿ ಏನನ್ನೂ ತೆಗೆದುಕೊಳ್ಳದೆ ಅವನ ಬಳಿಗೆ ಒಯ್ದನು, ಮತ್ತು ಅವನು ಅವನ ಪ್ರಾಮಾಣಿಕತೆಗೆ ಬೆರಗಾಗಿ ಸಂಗತಿಯನ್ನು ಅವನಿಗೆ ಹೇಳಿದನು.

ಈ ವಾಕ್ಯವನ್ನು ಬಿಡಿಸುವ ಮೊದಲ ಹೆಜ್ಜೆ ಪೂರ್ಣಕ್ರಿಯಾಪದಗಳನ್ನು ಗುರುತಿಸುವುದು. ಹೇಳುತ್ತಾರೆ, ಆಪ್ತನಾಗಿದ್ದನು, ಸೇವೆಯಲ್ಲಿದ್ದನು, ಸಮೀಪದಲ್ಲಿತ್ತು, ಉಳುತ್ತಿದ್ದನು, ಒಯ್ದನು, ಹೇಳಿದನು ಎಂದು ಇಲ್ಲಿ ಏಳು ಇವೆ. ಎರಡನೆಯ ಹೆಜ್ಜೆ ಪ್ರತಿಯೊಂದು ‘ಕಿ’ಯನ್ನೂ ಅದರ ಕ್ರಿಯಾಪದದೊಡನೆ ಜೋಡಿಸುವುದು. ‘ಹೇಳುತ್ತಾರೆ’ಯ ಮುಂದೆ ಒಂದು, ಹಸನ್, ಗಂಗು, ದಿನ, ಹೊಲ ಇವುಗಳ ಮುಂದೆ ಒಂದೊಂದು, ಹೀಗೆ ಐದು ‘ಕಿ’ಗಳಿವೆ. ಮೊದಲನೆಯದನ್ನು ಬಿಟ್ಟು ಉಳಿದ ನಾಲ್ಕಕ್ಕೆ ಸೇರಿದ ಕ್ರಿಯಾಪದಗಳನ್ನು ತೆಗೆದಿಟ್ಟರೆ ವಾಕ್ಯದ ಬೆನ್ನೆಲುಬು ಕಾಣಿಸುತ್ತದೆ. ‘ಹಸನ್ ಒಯ್ದನು, ಗಂಗು ಹೇಳಿದನು ಎಂದು ಹೇಳುತ್ತಾರೆ’ ಎಂಬುದಷ್ಟೇ ಅದು. ಉಳಿದುದೆಲ್ಲ ಅದಕ್ಕೆ ಅಂಟಿಕೊಂಡ ವಿವರ.

ಮೂರನೆಯ ಹೆಜ್ಜೆ ಸರ್ವನಾಮಗಳದು. ಮಾದರಿಯಲ್ಲಿ ‘ಅವನ’, ‘ಅವನು’, ‘ಅವನಿಗೆ’ ಎಂಬ ರೂಪಗಳು ಐದು ಸಲ ಬಂದಿವೆ. ಹೊಲ ಗಂಗುವಿನದು, ಪಾತ್ರೆಯನ್ನು ಒಯ್ದದ್ದು ಗಂಗುವಿನ ಬಳಿಗೆ, ಬೆರಗಾದವನು ಗಂಗು, ಪ್ರಾಮಾಣಿಕತೆ ಹಸನನದು, ಸುದ್ದಿ ಕೇಳಿದವನು ರಾಜಕುಮಾರ. ಐದು ಸರ್ವನಾಮಗಳಲ್ಲಿ ಮೂವರು ವ್ಯಕ್ತಿಗಳಿದ್ದಾರೆ. ದೀರ್ಘವಾಕ್ಯದೊಳಗೆ ಪ್ರಸಂಗದ ಬಲದಿಂದ ಇದು ಹೇಗೋ ತಿಳಿಯುತ್ತದೆ. ವಾಕ್ಯ ಒಡೆದ ಕೂಡಲೇ ಆ ಬಲ ತಪ್ಪುತ್ತದೆ. ಆದುದರಿಂದ ಒಡೆಯುವ ಮೊದಲೇ ಪ್ರತಿ ಸರ್ವನಾಮದ ಮೇಲೂ ಹೆಸರನ್ನು ಬರೆದುಕೊಳ್ಳುವುದು ಅಗತ್ಯ.

ಕೃದಂತಗಳಲ್ಲಿಯೂ ಒಂದು ತೊಡಕಿದೆ. ‘ಸಿಕ್ಕಿಕೊಂಡು’ ಎಂಬುದರ ಕರ್ತೃ ನೇಗಿಲು, ಅದರ ಹಿಂದೆಯೇ ಬರುವ ‘ಅಗೆದು’, ‘ಕಂಡು’ ಎಂಬವುಗಳ ಕರ್ತೃ ಹಸನ್. ಈ ಗದ್ಯದಲ್ಲಿ ಹೀಗೆ ನಡುವೆ ಕರ್ತೃ ಬದಲಾಗುವುದುಂಟು. ಅದನ್ನು ಇಂಗ್ಲಿಷಿನಲ್ಲಿ ಒಂದೇ ಸಾಲಾಗಿ ಇಟ್ಟರೆ ನೇಗಿಲೇ ನೆಲವನ್ನು ಅಗೆದಂತಾಗುತ್ತದೆ. ಕರ್ತೃ ಬದಲಾದ ಸ್ಥಳವೇ ಬಿಡಿಸಲು ತಕ್ಕ ಸ್ಥಳ.

ಎಲ್ಲಿ ಬಿಡಿಸಬೇಕು, ಎಲ್ಲಿ ಬಿಡಿಸಬಾರದು

ಕ್ರಿಯಾಪದ ಸಿಕ್ಕಲ್ಲೆಲ್ಲ ಪೂರ್ಣವಿರಾಮ ಹಾಕುವುದು ಸುಲಭದ ದಾರಿ. ಹಾಗೆ ಮಾಡಿದರೆ ‘ಹಸನ್ ಗಂಗುವಿನ ಸೇವೆಯಲ್ಲಿದ್ದನೆಂದು ಹೇಳುತ್ತಾರೆ. ಗಂಗು ರಾಜಕುಮಾರನಿಗೆ ಆಪ್ತನಾಗಿದ್ದನು. ಹೊಲ ನಗರದ ಸಮೀಪದಲ್ಲಿತ್ತು. ಅವನು ಅದನ್ನು ಉಳುತ್ತಿದ್ದನು’ ಎಂಬ ಸರಣಿ ದೊರೆಯುತ್ತದೆ. ವಾಕ್ಯಗಳು ಚಿಕ್ಕವಾದವು, ಆದರೆ ಕಥೆ ಕೆಟ್ಟಿತು. ಹೊಲ ಎಲ್ಲಿತ್ತೆಂಬ ಅಮುಖ್ಯ ವಿವರ ನಿಧಿಯ ಸಂಗತಿಗೆ ಸಮನಾಗಿ ನಿಂತಿತು. ಗಂಗು ಆಪ್ತನಾಗಿದ್ದುದರಿಂದಲೇ ಸುದ್ದಿ ರಾಜಕುಮಾರನಿಗೆ ತಲುಪಿತೆಂಬ ಕಾರ್ಯಕಾರಣ ಸಂಬಂಧ ಮಸುಕಾಯಿತು.

ಆದುದರಿಂದ ಪ್ರತಿಯೊಂದು ‘ಕಿ’ ಉಪವಾಕ್ಯಕ್ಕೂ ಯಾವ ಸ್ಥಾನ ಎಂಬುದನ್ನು ಬೇರೆಬೇರೆಯಾಗಿಯೇ ನಿರ್ಧರಿಸಬೇಕು. ಹೊಲದ ವಿವರ ಇಂಗ್ಲಿಷಿನಲ್ಲಿ ‘ನಗರದ ಹೊರಗಿನ’ ಎಂಬ ಒಂದು ಪದಪುಂಜವಾದರೆ ಸಾಕು. ಗಂಗುವಿನ ಆಪ್ತತೆ ಅವನ ಹೆಸರಿಗೆ ಹೊಂದಿಕೊಂಡ ವಿಶೇಷಣವಾಗಿ ನಿಲ್ಲಬಹುದು. ಮುಂದಿನ ಘಟನೆಗೆ ತಾನೇ ಆಧಾರವಾಗುವಷ್ಟು ತೂಕವಿರುವ ಉಪವಾಕ್ಯಕ್ಕೆ ಮಾತ್ರ ಪ್ರತ್ಯೇಕ ವಾಕ್ಯದ ಸ್ಥಾನ ಸಲ್ಲುತ್ತದೆ.

ಇದಕ್ಕೆ ಪರ್ಷಿಯನ್ ವ್ಯಾಕರಣವೇ ಒಂದು ಸೂಚನೆಯನ್ನು ಕೊಡುತ್ತದೆ. ಯಾವ ಮನುಷ್ಯ, ಯಾವ ಹೊಲ ಎಂದು ಖಚಿತಪಡಿಸುವ ಉಪವಾಕ್ಯವಿದ್ದಾಗ ‘ಕಿ’ಗೆ ಮೊದಲಿನ ನಾಮಪದಕ್ಕೆ ‘ಯೇ’ ಅಕ್ಷರ ಹತ್ತುತ್ತದೆ. ‘ಮರ್ದ್’ ಎಂಬುದು ‘ಮರ್ದೇ ಕಿ’ ಎಂದಾಗುತ್ತದೆ. ಇಂಥ ಉಪವಾಕ್ಯವನ್ನು ನಾಮಪದದಿಂದ ಕಿತ್ತು ಬೇರೆ ವಾಕ್ಯ ಮಾಡಿದರೆ ಯಾರ ಮಾತು ನಡೆಯುತ್ತಿದೆ ಎಂಬುದೇ ತಿಳಿಯದು. ಗಂಗು ಮುಂತಾದ ಅಂಕಿತನಾಮಗಳಿಗೆ ಆ ಗುರುತು ಬೇಕಿಲ್ಲ. ಅಂಥಲ್ಲಿ ಉಪವಾಕ್ಯ ಕೇವಲ ಹೆಚ್ಚಿನ ಮಾಹಿತಿಯಾದುದರಿಂದ ಬೇರ್ಪಡಿಸಬಹುದು. ಆದರೆ ಈ ಸೂಚನೆಗೆ ಮಿತಿಯುಂಟು. ‘ಒಬ್ಬ’, ‘ಒಂದು’ ಎಂಬ ಅನಿಶ್ಚಿತಾರ್ಥಕ್ಕೂ ಇದೇ ‘ಯೇ’ ಬರುತ್ತದೆ. ‘ಹೇ’ ಅಕ್ಷರದಿಂದ ಕೊನೆಗೊಳ್ಳುವ ಪದಗಳಲ್ಲಿ ಹಸ್ತಪ್ರತಿಕಾರರು ಅದನ್ನು ಸಣ್ಣ ಚಿಹ್ನೆಯಿಂದ ತೋರಿಸುತ್ತಾರೆ, ಅಥವಾ ಬಿಟ್ಟೇಬಿಡುತ್ತಾರೆ. ಆಗ ಪ್ರಸಂಗವನ್ನು ನೋಡಿಯೇ ತೀರ್ಮಾನಿಸಬೇಕಾಗುತ್ತದೆ.

ಬಿಡಿಸಬಾರದ ಜೋಡಿಗಳೂ ಇವೆ. ‘ಚೂನ್’ ಎಂದು ಆರಂಭವಾದ ಕಾರಣವಾಕ್ಯವನ್ನು ಅದರ ಫಲದಿಂದ ಅಗಲಿಸಿದರೆ ಕಾರಣವು ಬರಿಯ ಪೂರ್ವಘಟನೆಯಾಗಿ ಉಳಿಯುತ್ತದೆ. ‘ಹರ್ ಚಂದ್’ (ಎಷ್ಟೇ ಆದರೂ) ಎಂದು ತೊಡಗಿದ ಮಾತು ‘ಅಮ್ಮಾ’ (ಆದರೆ) ಎಂಬಲ್ಲಿಗೆ ಬಂದು ತಿರುಗುತ್ತದೆ. ಮೊದಲರ್ಧಕ್ಕೆ ಪೂರ್ಣವಿರಾಮ ಹಾಕಿದರೆ ಚರಿತ್ರೆಕಾರನು ಒಪ್ಪದೆ ಹೇಳಿದ ಮಾತು ಅವನ ಅಭಿಪ್ರಾಯವಾಗಿಬಿಡುತ್ತದೆ. ಉದ್ದ ಮಿತಿಮೀರಿ ಇವುಗಳನ್ನು ಒಡೆಯಲೇಬೇಕಾದರೆ ಎರಡನೆಯ ವಾಕ್ಯದ ಆರಂಭದಲ್ಲಿ ‘ಈ ಕಾರಣದಿಂದ’, ‘ಹಾಗಿದ್ದರೂ’ ಎಂಬ ಕೊಂಡಿಯನ್ನು ಹೊಸದಾಗಿ ಇಡಬೇಕು.

‘ಹೇಳುತ್ತಾರೆ’ ಎಂಬ ಮಾತಿನ ವ್ಯಾಪ್ತಿ

ಜಾನಪದದ ದೃಷ್ಟಿಯಿಂದ ಅತ್ಯಂತ ಗಮನಾರ್ಹವಾದುದು ವಾಕ್ಯದ ತಲೆಯಲ್ಲಿರುವ ‘ಗೋಯಂದ್ ಕಿ’, ಅಂದರೆ ‘ಹೇಳುತ್ತಾರೆ ಏನೆಂದರೆ’ ಎಂಬ ಮಾತು. ‘ರಿವಾಯತ್ ಅಸ್ತ್’ (ಹೀಗೊಂದು ನಿರೂಪಣೆಯಿದೆ), ‘ಆವುರ್ದಾ ಅಂದ್’ (ಹೀಗೆ ಹೇಳಿದ್ದಾರೆ), ‘ಮಶ್‌ಹೂರ್ ಅಸ್ತ್’ (ಪ್ರಸಿದ್ಧವಾಗಿದೆ) ಎಂಬ ಬೇರೆ ರೂಪಗಳೂ ಉಂಟು. ಪರ್ಷಿಯನ್ ಚರಿತ್ರೆಕಾರನು ಇದನ್ನು ಒಮ್ಮೆ ಹೇಳಿದರೆ ಸಾಕು. ಅನಂತರದ ಎಲ್ಲ ಕ್ರಿಯಾಪದಗಳೂ ಅದರ ಅಧೀನದಲ್ಲಿ ನಡೆಯುತ್ತವೆ. ಬಹಳ ಸಲ ಕೊನೆಯಲ್ಲಿ ‘ವಲ್ಲಾಹು ಆಲಮ್’, ದೇವರೇ ಬಲ್ಲ, ಎಂಬ ಮಾತು ಬರುತ್ತದೆ. ಇದನ್ನು ಕೇವಲ ಭಕ್ತಿಯ ಉದ್ಗಾರವೆಂದು ತಿಳಿದು ಅನುವಾದಕರು ಬಿಡುವುದುಂಟು. ಆದರೆ ‘ಗೋಯಂದ್’ ತೆರೆದ ಬಾಗಿಲನ್ನು ಮುಚ್ಚುವ ಮಾತು ಅದು. ಕೇಳಿಬಂದ ಕಥೆ ಇಲ್ಲಿಗೆ ಮುಗಿಯಿತು, ಇದರ ಸತ್ಯಾಸತ್ಯದ ಹೊಣೆ ತನ್ನದಲ್ಲ ಎಂದು ಬರಹಗಾರನು ಅದರಿಂದ ಸೂಚಿಸುತ್ತಾನೆ.

ಕನ್ನಡದ ಕಥೆಗಾರರ ಕ್ರಮ ಬೇರೆ. ಅಜ್ಜಿ ಕಥೆ ಹೇಳುವಾಗ ‘ಒಂದೂರಲ್ಲಿ ಒಬ್ಬ ರೈತ ಇದ್ದನಂತೆ, ಹೊಲ ಉಳೋಕೆ ಹೋದನಂತೆ, ಕೊಪ್ಪರಿಗೆ ಸಿಕ್ಕಿತಂತೆ’ ಎಂದು ಪ್ರತಿ ಕ್ರಿಯಾಪದಕ್ಕೂ ‘ಅಂತೆ’ ಸೇರಿಸುತ್ತಾಳೆ. ಇದರಿಂದ ಅವಳ ವಾಕ್ಯಗಳನ್ನು ಎಲ್ಲಿ ಕತ್ತರಿಸಿದರೂ ಅದು ಕೇಳಿದ ಮಾತು ಎಂಬುದು ಅಳಿಯುವುದಿಲ್ಲ. ಇಂಗ್ಲಿಷಿಗೆ ಈ ಪ್ರತ್ಯಯವೂ ಇಲ್ಲ, ಪರ್ಷಿಯನ್ನಿನ ದೀರ್ಘ ಉಸಿರೂ ಇಲ್ಲ. ‘ಇಟ್ ಈಸ್ ಸೆಡ್’ ಎಂಬುದು ಮೊದಲ ಪೂರ್ಣವಿರಾಮದವರೆಗೆ ಮಾತ್ರ ಆಳುತ್ತದೆ. ಎರಡನೆಯ ವಾಕ್ಯದಿಂದ ಮುಂದಿನದೆಲ್ಲ ಓದುಗನಿಗೆ ಚರಿತ್ರೆಕಾರನ ಸ್ವಂತ ಹೇಳಿಕೆಯಾಗಿ ಕಾಣುತ್ತದೆ. ಇಂಥ ಸಂದರ್ಭದಲ್ಲಿ ಅನುವಾದಕನು ಅಜ್ಜಿಯ ಕ್ರಮವನ್ನು ಅನುಸರಿಸುವುದು ಲೇಸು. ಎಲ್ಲ ವಾಕ್ಯಗಳಲ್ಲಿ ಅಲ್ಲದಿದ್ದರೂ, ಮುಖ್ಯ ತಿರುವುಗಳಲ್ಲಿ ಕೇಳಿಕೆಯ ಗುರುತನ್ನು ಮತ್ತೆ ಇಡಬೇಕಾಗುತ್ತದೆ.

ಈ ಎಲ್ಲ ಅಂಶಗಳನ್ನು ಗಮನಿಸಿ ಮೇಲಿನ ಮಾದರಿಯನ್ನು ಇಂಗ್ಲಿಷಿಗೆ ತಂದರೆ ನಾಲ್ಕು ವಾಕ್ಯಗಳಾಗುತ್ತವೆ. ಅವುಗಳ ಅರ್ಥ ಹೀಗಿರುತ್ತದೆ. ಒಂದು: ಜನ ಹೇಳುವ ಪ್ರಕಾರ ಹಸನ್ ದಿಲ್ಲಿಯಲ್ಲಿ, ರಾಜಕುಮಾರ ಮುಹಮ್ಮದನ ಆಪ್ತನೂ ಜ್ಯೋತಿಷಿಯೂ ಆದ ಗಂಗು ಎಂಬ ಬ್ರಾಹ್ಮಣನ ಸೇವಕನಾಗಿದ್ದನು. ಎರಡು: ಕಥೆಯಲ್ಲಿ ಬರುವಂತೆ, ಒಂದು ದಿನ ಹಸನ್ ನಗರದ ಹೊರಗಿನ ಬ್ರಾಹ್ಮಣನ ಹೊಲವನ್ನು ಉಳುತ್ತಿದ್ದಾಗ ನೇಗಿಲು ಸರಪಳಿಗೆ ಸಿಕ್ಕಿಕೊಂಡಿತು, ಹಸನ್ ನೆಲವನ್ನು ಅಗೆದಾಗ ಚಿನ್ನ ತುಂಬಿದ ಪಾತ್ರೆ ಕಂಡಿತು. ಮೂರು: ಅವನು ಅದರಲ್ಲಿ ಏನನ್ನೂ ಮುಟ್ಟದೆ ಗಂಗುವಿಗೆ ಒಪ್ಪಿಸಿದನು. ನಾಲ್ಕು: ಸೇವಕನ ಪ್ರಾಮಾಣಿಕತೆಗೆ ಬೆರಗಾದ ಗಂಗು ಸಂಗತಿಯನ್ನು ರಾಜಕುಮಾರನಿಗೆ ತಿಳಿಸಿದನೆಂದು ಹೇಳಲಾಗುತ್ತದೆ. ಕೇಳಿಕೆಯ ಗುರುತು ಒಂದು, ಎರಡು ಮತ್ತು ನಾಲ್ಕನೆಯ ವಾಕ್ಯಗಳಲ್ಲಿದೆ. ಮೂರನೆಯದು ಎರಡನೆಯದಕ್ಕೆ ಹೊಂದಿಕೊಂಡೇ ಇರುವುದರಿಂದ ಅಲ್ಲಿ ಬೇಕಾಗಿಲ್ಲ.

ಗುರುತು ಅಳಿದಾಗ ಆಗುವ ಹಾನಿ

ಹಸನನು ರಾಜ್ಯವಾಳಲು ತೊಡಗಿದ್ದು 1347ರಲ್ಲಿ. ಫಿರಿಶ್ತಾ ಬರೆದದ್ದು ಅದಾದ ಸುಮಾರು ಎರಡೂವರೆ ಶತಮಾನಗಳ ನಂತರ. ಹಸನನ ಆಸ್ಥಾನದ ಆಶ್ರಯದಲ್ಲಿಯೇ ಇಸಾಮಿಯು 1350ರಲ್ಲಿ ಮುಗಿಸಿದ ‘ಫುತೂಹ್-ಉಸ್-ಸಲಾತೀನ್’ ಕಾವ್ಯದಲ್ಲಿ ಈ ಬ್ರಾಹ್ಮಣನ ಕಥೆಯಿಲ್ಲ. ನಾಣ್ಯಗಳಲ್ಲಿ ಅವನ ಬಿರುದು ಬಹಮನ್ ಶಾಹ ಎಂದಿದೆ. ಇದು ಇರಾನಿನ ಪುರಾಣಪ್ರಸಿದ್ಧ ರಾಜ ಬಹಮನನನ್ನು ನೆನಪಿಸುವ ಹೆಸರು. ಆ ರಾಜನ ವಂಶಕ್ಕೆ ಹಸನನನ್ನು ಜೋಡಿಸುವ ವಂಶಾವಳಿಯನ್ನು ಫಿರಿಶ್ತಾ ನಂಬಲಿಲ್ಲ, ‘ಬ್ರಾಹ್ಮಣ’ ಶಬ್ದದಿಂದಲೇ ‘ಬಹಮನಿ’ ಬಂದಿತೆಂಬ ವಿವರಣೆಯ ಕಡೆಗೆ ಅವನು ಒಲಿದನು. ಅಂದರೆ ಅವನ ಮುಂದೆ ಒಂದಕ್ಕಿಂತ ಹೆಚ್ಚು ಕೇಳಿಕೆಗಳಿದ್ದವು, ಅವುಗಳನ್ನು ತೂಗಿ ನೋಡುವ ಕೆಲಸವನ್ನು ಅವನು ಮಾಡುತ್ತಿದ್ದನು. ಅವನ ವಾಕ್ಯಗಳ ಒಳರಚನೆ ಆ ತೂಗುವಿಕೆಯ ದಾಖಲೆಯೇ ಆಗಿದೆ.

ಇತಿಹಾಸಕಾರರು ಇಂದು ನಿಧಿಯ ಪ್ರಸಂಗವನ್ನು ಐತಿಹ್ಯವೆಂದೇ ಪರಿಗಣಿಸುತ್ತಾರೆ. ಆದರೂ ಜನಪ್ರಿಯ ಬರಹಗಳಲ್ಲಿ ಅದು ‘ಹಸನ್ ಗಂಗುವಿನ ಸೇವಕನಾಗಿದ್ದನು, ಅವನಿಗೆ ನಿಧಿ ದೊರೆಯಿತು’ ಎಂದು ನೇರವಾದ ಚಿಕ್ಕ ವಾಕ್ಯಗಳಲ್ಲಿ ಬರುತ್ತಿದೆ. ಈ ಬದಲಾವಣೆಗೆ ಅನುವಾದವೊಂದೇ ಕಾರಣವೆನ್ನಲಾಗದು, ಸಂಗ್ರಹಿಸಿ ಬರೆಯುವವರ ಅವಸರವೂ ಅದರಲ್ಲಿ ಸೇರಿದೆ. ಆದರೆ ಎರಡರಲ್ಲಿಯೂ ನಡೆಯುವ ಕ್ರಿಯೆ ಒಂದೇ. ದೀರ್ಘವಾಕ್ಯ ತುಂಡಾಗುತ್ತದೆ, ಮೊದಲ ತುಂಡಿನಲ್ಲಿದ್ದ ‘ಹೇಳುತ್ತಾರೆ’ ಕಳಚಿಕೊಳ್ಳುತ್ತದೆ. ಇದರಿಂದ ಇತಿಹಾಸಕ್ಕೆ ಆಗುವಷ್ಟೇ ಹಾನಿ ಜಾನಪದಕ್ಕೂ ಆಗುತ್ತದೆ. ನೇಗಿಲಿಗೆ ಸಿಕ್ಕ ನಿಧಿ, ಸೇವಕನ ಸತ್ಯಪರೀಕ್ಷೆ, ಜ್ಯೋತಿಷಿಯ ಭವಿಷ್ಯವಾಣಿ ಇವು ರಾಜ್ಯಸ್ಥಾಪನೆಯ ಕಥೆಗಳಲ್ಲಿ ಕಾಣುವ ಆಶಯಗಳು. ವಿಜಯನಗರದ ಸ್ಥಾಪನೆಯ ಸುತ್ತ ವಿದ್ಯಾರಣ್ಯರು ಸುರಿಸಿದ ಚಿನ್ನದ ಮಳೆಯ ಕಥೆ ಬೆಳೆದಿರುವುದು ಇದಕ್ಕೆ ಸಮಾನವಾದ ನಿದರ್ಶನ. ಹದಿನೇಳನೆಯ ಶತಮಾನದ ಆರಂಭಕ್ಕೆ ದಖ್ಖನಿನ ಜನ ತಮ್ಮ ಮೊದಲ ಸುಲ್ತಾನನ ಬಗ್ಗೆ ಏನು ಹೇಳಿಕೊಳ್ಳುತ್ತಿದ್ದರೆಂಬುದಕ್ಕೆ ಫಿರಿಶ್ತಾನ ‘ಗೋಯಂದ್’ ಮಾದರಿಯ ಮಾತುಗಳು ಸಾಕ್ಷಿ. ಆ ಮಾತು ಹೋದರೆ ಕೆಟ್ಟ ಇತಿಹಾಸವೊಂದು ಉಳಿಯುತ್ತದೆ, ಒಳ್ಳೆಯ ಐತಿಹ್ಯವೊಂದು ಕಳೆದುಹೋಗುತ್ತದೆ.

ವಾಕ್ಯದ ನಡುವೆ ಬರುವ ಆಶೀರ್ವಚನಗಳ ವಿಷಯವೂ ಇದಕ್ಕೆ ಹೊರತಲ್ಲ. ಓದು ಸರಾಗವಾಗಲೆಂದು ಇವುಗಳನ್ನು ಮೊದಲು ತೆಗೆದುಹಾಕುವುದು ವಾಡಿಕೆ. ಆದರೆ ಒಬ್ಬ ಅರಸನ ಹೆಸರಿನ ಮುಂದೆ ‘ದೇವರು ಅವನ ರಾಜ್ಯವನ್ನು ಸ್ಥಿರವಾಗಿಡಲಿ’ ಎಂದಿದ್ದರೆ ಬರೆಯುವ ಕಾಲಕ್ಕೆ ಅವನು ಆಳುತ್ತಿದ್ದನೆಂದೂ, ‘ದೇವರ ಕರುಣೆ ಅವನ ಮೇಲಿರಲಿ’ ಎಂದಿದ್ದರೆ ತೀರಿಕೊಂಡಿದ್ದನೆಂದೂ ಸಾಮಾನ್ಯವಾಗಿ ತಿಳಿಯಬಹುದು. ಗ್ರಂಥದ ಕಾಲನಿರ್ಣಯಕ್ಕೆ ಇದು ಸಹಾಯಕ. ಇಂಥವನ್ನು ವಾಕ್ಯದಿಂದ ಹೊರಗಿಟ್ಟರೂ ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳುವುದು ಸೂಕ್ತ.

ಮಿತಿಗಳು

ಈ ಕ್ರಮ ಎಲ್ಲ ಪರ್ಷಿಯನ್ ಗದ್ಯಕ್ಕೂ ಸಮಾನವಾಗಿ ಸಲ್ಲುವುದಿಲ್ಲ. ಘಟನೆಯನ್ನು ನಿರೂಪಿಸುವ ವಾಕ್ಯದಲ್ಲಿ ಕಾಲಕ್ರಮವೇ ಬಿಡಿಸುವ ದಾರಿಯನ್ನು ತೋರಿಸುತ್ತದೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ (ಮರಣ 1602) ಅಥವಾ ಬಿಜಾಪುರದ ಜುಹೂರಿಯ ಗದ್ಯದಲ್ಲಿ ಘಟನೆ ಕಡಿಮೆ, ಸ್ತುತಿ ಹೆಚ್ಚು. ಅಲ್ಲಿ ಒಂದೇ ಅರ್ಥದ ಎರಡೆರಡು ಪದಗಳು, ಪ್ರಾಸಬದ್ಧವಾದ ಸಮತೂಕದ ಭಾಗಗಳು ಒಂದನ್ನೊಂದು ಹೊತ್ತು ನಿಂತಿರುತ್ತವೆ. ಒಂದನ್ನು ಬೇರ್ಪಡಿಸಿದರೆ ಇನ್ನೊಂದು ಬೀಳುತ್ತದೆ. ‘ಅಕ್ಬರ್‌ನಾಮಾ’ವನ್ನು ಅನುವಾದಿಸಿದ ಹೆನ್ರಿ ಬೆವರಿಜ್ ಮೂಲದ ರಚನೆಗೆ ಆದಷ್ಟು ಹತ್ತಿರವಿದ್ದು, ಕಠಿಣ ಸ್ಥಳಗಳನ್ನು ಅಡಿಟಿಪ್ಪಣಿಗಳಿಂದ ಬಿಡಿಸಿದನು. 2015ರಿಂದ ಪ್ರಕಟವಾದ ವೀಲರ್ ಥ್ಯಾಕ್‌ಸ್ಟನ್ನರ ಅನುವಾದ ಇಂದಿನ ಇಂಗ್ಲಿಷಿನ ನಡೆಯನ್ನು ಆಯ್ದುಕೊಂಡಿತು. ಮೊದಲನೆಯದರಲ್ಲಿ ರಚನೆಯನ್ನು ಪರೀಕ್ಷಿಸಬಹುದು, ಎರಡನೆಯದನ್ನು ಸರಾಗವಾಗಿ ಓದಬಹುದು. ಸಂಶೋಧಕನಿಗೆ ಎರಡೂ ಬೇಕಾಗುತ್ತವೆ.

ಬಿಡಿಸಿದ ಅನುವಾದ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಇಂಗ್ಲಿಷ್ ವಾಕ್ಯಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಎತ್ತಿಕೊಂಡು, ಅದನ್ನು ಹೇಳುತ್ತಿರುವವರು ಯಾರು ಮತ್ತು ಅದು ಯಾರ ಬಗ್ಗೆ ಎಂದು ಕೇಳಬೇಕು. ‘ಹೇಳುವವರು ಜನ’ ಎಂಬ ಉತ್ತರ ಬರಬೇಕಾದಲ್ಲಿ ‘ಹೇಳುವವನು ಫಿರಿಶ್ತಾ’ ಎಂಬ ಉತ್ತರ ಬಂದರೆ, ಪೂರ್ಣವಿರಾಮ ತಪ್ಪು ಸ್ಥಳದಲ್ಲಿ ಬಿದ್ದಿದೆ, ಅಥವಾ ಅದರ ಮುಂದೆ ಇರಬೇಕಾದ ‘ಅಂತೆ’ ಬಿಟ್ಟುಹೋಗಿದೆ ಎಂದು ತಿಳಿಯಬೇಕು. ದಖ್ಖನಿನ ಚರಿತ್ರೆಗೆ ಇಂಗ್ಲಿಷ್ ಅನುವಾದಗಳನ್ನು ಆಕರವಾಗಿ ಬಳಸುವವರು, ಪರ್ಷಿಯನ್ ಬಾರದಿದ್ದರೂ, ಮೂಲವನ್ನು ಬಲ್ಲವರ ನೆರವಿನಿಂದ ಇಷ್ಟನ್ನಾದರೂ ಪರಿಶೀಲಿಸಿಕೊಂಡರೆ, ಬ್ರಿಗ್ಸನ ಪುಟಗಳಲ್ಲಿ ಚರಿತ್ರೆಕಾರನ ಮಾತು ಯಾವುದು, ಜನರ ಮಾತು ಯಾವುದು ಎಂಬುದು ಬೇರೆಬೇರೆಯಾಗಿ ಕಾಣತೊಡಗುತ್ತದೆ.